ಹುಟ್ಟಿದ ಮೊದಲ ಆರು ಗಂಟೆಗಳು

‘ಮಗು ಅಳಲೇ ಇಲ್ಲ’ ಎಂಬ ಮಾತು ಬಾಣಂತಿಯ ಮನೆಯಲ್ಲಿ ಎಲ್ಲರ ಎದೆಯನ್ನೂ ನಡುಗಿಸುತ್ತದೆ. ಹೊಕ್ಕುಳಬಳ್ಳಿ ಹಿಸುಕಿದಾಗ, ಮಾಸು ಹೊತ್ತಿಗೆ ಮುಂಚೆಯೇ ಕಳಚಿಕೊಂಡಾಗ ಅಥವಾ ಹೆರಿಗೆ ಬೇನೆ ವಿಪರೀತ ದೀರ್ಘವಾದಾಗ ಶಿಶುವಿಗೆ ತಾಯಿಯಿಂದ ಹರಿಯಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ. ಇದರ ಪೆಟ್ಟು ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ಮೆದುಳಿನ ಮೇಲೆ. ಆದರೆ ಆ ಪೆಟ್ಟು ಒಂದೇ ಸಲಕ್ಕೆ ಪೂರ್ಣವಾಗುವುದಿಲ್ಲ ಎಂಬುದನ್ನು ನಮ್ಮಲ್ಲಿ ಬಹಳ ಜನ ಅರಿತಿಲ್ಲ.

ತುಮರಿಯ ಕಡೆಯ ಒಬ್ಬ ತಾಯಿಗೆ ಬೆಳಗಿನ ಜಾವ 4 ಗಂಟೆಗೆ ಹೆರಿಗೆಯಾಯಿತೆಂದು ಭಾವಿಸೋಣ. ಶಿಶು ಉಸಿರಾಡಲಿಲ್ಲ. ದಾದಿಯು ಮೈಯೊರೆಸಿ, ಮೂಗು ಬಾಯಿಗೆ ಮಾಸ್ಕ್ ಇಟ್ಟು, ಚೀಲವನ್ನು ಒತ್ತಿ ಉಸಿರು ಕೊಟ್ಟಳು. ಹತ್ತು ನಿಮಿಷದ ಹೊತ್ತಿಗೆ ಎದೆಬಡಿತ ಸರಿಹೋಯಿತು, ಮೈ ಕೆಂಪಾಯಿತು. ಮನೆಯವರು ನಿಟ್ಟುಸಿರು ಬಿಟ್ಟರು. ನಿಜಕ್ಕೂ ಎಚ್ಚರದಿಂದಿರಬೇಕಾದ ಕಾಲ ಇದೇ. ಆಮ್ಲಜನಕ ಮರಳಿದೊಡನೆ ಮೆದುಳಿನ ಕೋಶಗಳು ತಮ್ಮ ಶಕ್ತಿಯನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತವೆ. ಒಳಗೆ ಮಾತ್ರ ಹಾನಿಯ ಸರಪಳಿ ಆಗಲೇ ಶುರುವಾಗಿರುತ್ತದೆ. ಮಿತಿಮೀರಿ ಕೆರಳಿದ ನರಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಶಕ್ತಿಯನ್ನು ತಯಾರಿಸುವ ಸೂಕ್ಷ್ಮ ಅಂಗಗಳು ಕೆಡುತ್ತವೆ, ಊತ ಹುಟ್ಟುತ್ತದೆ. ಸುಮಾರು ಆರು ಗಂಟೆಗಳ ಬಳಿಕ ಎರಡನೆಯ ಕುಸಿತ ಆರಂಭವಾಗಿ, ಮೊದಲ ಪೆಟ್ಟಿನಲ್ಲಿ ಬದುಕುಳಿದ ಕೋಶಗಳೂ ಸಾಯತೊಡಗುತ್ತವೆ.

ತಂಪಿನ ಚಿಕಿತ್ಸೆ ಕೆಲಸ ಮಾಡುವುದು ಈ ನಡುವಿನ ಬಿಡುವಿನಲ್ಲಿ. ಮೈಯ ಶಾಖವನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಕೋಶಗಳಿಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಆ ಸರಪಳಿಯೂ ನಿಧಾನವಾಗುತ್ತದೆ. ಶಿಶುವನ್ನು ತಂಪು ಹಾಸಿಗೆಯ ಮೇಲೆ ಮಲಗಿಸಿ, ಗುದದ್ವಾರದಲ್ಲಿ ಇರಿಸಿದ ಉಷ್ಣಮಾಪಕದಿಂದ ಸದಾ ಅಳೆಯುತ್ತ, 72 ಗಂಟೆ ಹಾಗೆಯೇ ಇರಿಸುತ್ತಾರೆ. ಅನಂತರ ಗಂಟೆಗೆ ಅರ್ಧ ಡಿಗ್ರಿಯಂತೆ ಮೆಲ್ಲಗೆ ಬಿಸಿ ಏರಿಸುತ್ತಾರೆ. ಅವಸರಿಸಿದರೆ ಅಪಸ್ಮಾರದ ಸೆಳೆತ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಶ್ರೀಮಂತ ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ಚಿಕಿತ್ಸೆ ಪಡೆದ ಸುಮಾರು ಏಳು ಶಿಶುಗಳಲ್ಲಿ ಒಂದು ಹೆಚ್ಚುವರಿ ಶಿಶು ಸಾವಿನಿಂದ ಅಥವಾ ತೀವ್ರ ಅಂಗವೈಕಲ್ಯದಿಂದ ಪಾರಾಗುವುದು ಕಂಡುಬಂದಿದೆ.

ಹಾಗಾದರೆ ಎಲ್ಲ ಕಡೆಯೂ ಇದನ್ನು ಮಾಡಬಹುದಲ್ಲ ಎನಿಸಬಹುದು. ಇಲ್ಲಿ ಒಂದು ಕಹಿ ಸತ್ಯವನ್ನು ಮರೆಮಾಚಲಾಗದು. ಬೆಂಗಳೂರಿನ ಆಸ್ಪತ್ರೆಗಳೂ ಪಾಲ್ಗೊಂಡು, ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳಲ್ಲಿ 408 ಶಿಶುಗಳ ಮೇಲೆ ನಡೆದ ‘ಹೀಲಿಕ್ಸ್’ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತಂಪು ಪಡೆದವರಲ್ಲಿ ನೂರಕ್ಕೆ 42 ಶಿಶುಗಳು ತೀರಿಕೊಂಡರೆ, ಪಡೆಯದವರಲ್ಲಿ 31. ನಮ್ಮ ಕಡೆಯ ಅನೇಕ ಶಿಶುಗಳಿಗೆ ಹಾನಿಯು ಹೆರಿಗೆಗೂ ಬಹಳ ಮೊದಲೇ, ಗಂಟೆಗಟ್ಟಲೆ ಆಗಿರುವುದರಿಂದ ಮೇಲೆ ಹೇಳಿದ ಬಿಡುವು ಆಗಲೇ ಕಳೆದಿರಬಹುದೆಂದು ಸಂಶೋಧಕರು ಊಹಿಸುತ್ತಾರೆ. ಆದ್ದರಿಂದ ನಮ್ಮ ದೇಶದ ವೈದ್ಯರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. ಉಸಿರಾಟದ ಯಂತ್ರ, ರಕ್ತಪರೀಕ್ಷೆ ಮತ್ತು ಹಗಲಿರುಳು ನಿಗಾ ಇರುವ ಕೇಂದ್ರಗಳಲ್ಲಿ, ಶಿಶುವನ್ನು ಆಯ್ದು ನೋಡಿ ಮಾತ್ರ ಇದನ್ನು ಮಾಡುವುದು ವಿವೇಕವೆಂದು ನಾವು ಭಾವಿಸುತ್ತೇವೆ. ಮನೆಯಲ್ಲಿ ಒದ್ದೆ ಬಟ್ಟೆ ಹೊದಿಸುವುದು, ತಣ್ಣೀರು ಮುಟ್ಟಿಸುವುದು ಪ್ರಾಣಾಪಾಯ. ಹಾಗೆಂದು ಅಗ್ಗಿಷ್ಟಿಕೆಯ ಪಕ್ಕದಲ್ಲಿಟ್ಟು ಬೇಯಿಸುವುದೂ ಸಲ್ಲದು, ಏಕೆಂದರೆ ಪೆಟ್ಟು ತಿಂದ ಮೆದುಳಿಗೆ ಜ್ವರದ ಬಿಸಿ ಇನ್ನಷ್ಟು ಕೇಡು.

ಮತ್ತೆ ತುಮರಿಯ ಶಿಶುವಿನ ಬಳಿಗೆ ಬರೋಣ. ಬೆಳಗಿನ 6ಕ್ಕೆ ಅದು ಮೊಲೆ ಚೀಪುತ್ತಿಲ್ಲ, ಕೈಕಾಲು ಬಟ್ಟೆಯಂತೆ ಜೋಲುತ್ತಿವೆ, ಮುಟ್ಟಿದರೂ ಸರಿಯಾಗಿ ಎಚ್ಚರಗೊಳ್ಳುತ್ತಿಲ್ಲ. ತುಟಿ ಚಪ್ಪರಿಸುವುದು, ಸೈಕಲ್ ತುಳಿಯುವಂತೆ ಕಾಲಾಡಿಸುವುದು ಕಂಡರೆ ಅದು ಆಟವಲ್ಲ, ಸೆಳೆತವಿರಬಹುದು. ಹುಟ್ಟಿದ ಹತ್ತು ನಿಮಿಷಕ್ಕೂ ಚೀಲದ ಉಸಿರು ಬೇಕಾಗಿದ್ದ ಮಗುವಿನಲ್ಲಿ ಈ ಚಿಹ್ನೆಗಳಿದ್ದರೆ, 10 ಗಂಟೆಯೊಳಗೆ ತಜ್ಞರ ಕೈಸೇರಬೇಕು. ಹಿಂದೆ ಶರಾವತಿಯ ಹಿನ್ನೀರು ದಾಟಲು ಲಾಂಚ್ ಕಾಯಬೇಕಾಗಿತ್ತು, ಕತ್ತಲಾದ ಮೇಲೆ ಅದೂ ಇರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಅಡ್ಡಿ ತಪ್ಪಿದೆ. ಆದರೂ ಸಾಗರ ತಲುಪಿದ ಮೇಲೆ ಶಿವಮೊಗ್ಗದ ಹಾದಿ ಬಾಕಿಯಿರುತ್ತದೆ. 108ಕ್ಕೆ ಕರೆ ಮಾಡುವಾಗಲೇ, ಶಿಶುವಿಗೆ ತಂಪಿನ ಚಿಕಿತ್ಸೆ ಬೇಕಾದೀತೇ, ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ಹೆರಿಗೆ ಮಾಡಿಸಿದ ವೈದ್ಯರಿಂದ ದೂರವಾಣಿಯಲ್ಲಿ ವಿಚಾರಿಸುವುದು ಒಳ್ಳೆಯದು. ಹುಟ್ಟಿದ ವೇಳೆ, ಮೊದಲು ಅತ್ತ ನಿಮಿಷ, ಎಷ್ಟು ಹೊತ್ತು ಉಸಿರು ಕೊಡಲಾಯಿತು ಎಂಬುದನ್ನು ಬರೆಸಿದ ಚೀಟಿ ಶಿಶುವಿನ ಜೊತೆಗೇ ಹೋಗಲಿ. ಚಿಕಿತ್ಸೆ ಕೊಡಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.