ಮ್ಯಾನೇಜರ್ ಖಾರವಾಗಿ ಮೇಲ್ ಹಾಕಿದರೆ ಹೀಗೆ ಉತ್ತರಿಸಿ

ತ್ಯಾಮಗೊಂಡ್ಲಿನಿಂದ ದಾಬಸ್‌ಪೇಟೆಯ ಗೋಡೌನ್‌ಗೆ ಕೆಲಸಕ್ಕೆ ಹೋಗುತ್ತೀರಿ ಅಂದುಕೊಳ್ಳಿ. ಮ್ಯಾನೇಜರ್ ಮೇಲ್ ಬಂತು: "ಸ್ಟಾಕ್ ರಿಪೋರ್ಟ್ ಮತ್ತೆ ತಡ. ಲೆಕ್ಕವೂ ತಪ್ಪು. ನಿಮಗೆ ಜವಾಬ್ದಾರಿಯೇ ಇಲ್ಲ."

ಮೊದಲು To ಜಾಗ ಖಾಲಿ ಮಾಡಿ. ಸಿಟ್ಟಿನಲ್ಲಿ ಬರೆದದ್ದು ಕೈತಪ್ಪಿಯೂ ಹೋಗಬಾರದು.

ಈಗ ಮೇಲನ್ನು ಬಿಡಿಸಿ ನೋಡಿ. ತಡವಾದದ್ದು ನಿಜ, ಒಪ್ಪಿಕೊಳ್ಳಿ. ಲೆಕ್ಕ ಸರಿಯಿದ್ದರೆ ದಾಖಲೆ ತೋರಿಸಿ. 'ಜವಾಬ್ದಾರಿಯಿಲ್ಲ' ಅನ್ನುವ ಮಾತಿಗೆ ಉತ್ತರವೇ ಬೇಡ.

ಹೀಗೆ ಬರೆಯಿರಿ:

"ಸರ್, ಸೋಮವಾರದ ರಿಪೋರ್ಟ್ ಬುಧವಾರ ಕಳಿಸಿದ್ದು ನನ್ನ ತಪ್ಪು. ಇನ್ನು ಮುಂದೆ ಸೋಮವಾರ 11 ಗಂಟೆಯೊಳಗೆ ಕಳಿಸುತ್ತೇನೆ. ಲೆಕ್ಕ ಮತ್ತೆ ನೋಡಿದೆ. ವಾಪಸ್ ಬಂದ 40 ಬಾಕ್ಸ್ ಬೇರೆ ಕಾಲಂನಲ್ಲಿವೆ, ಅವನ್ನು ಸೇರಿಸಿದರೆ ತಾಳೆಯಾಗುತ್ತದೆ. ಶೀಟ್ ಲಗತ್ತಿಸಿದ್ದೇನೆ."

ತಪ್ಪೊಪ್ಪಿದ ಸಾಲಿಗೆ ನೆಪ ಅಂಟಿಸಬೇಡಿ. ಕೊಟ್ಟ ಸಮಯಕ್ಕೆ ರಿಪೋರ್ಟ್ ಕಳಿಸಿ. ಇಲ್ಲದಿದ್ದರೆ ಈ ಉತ್ತರಕ್ಕೆ ಬೆಲೆಯಿಲ್ಲ.