ಬಿಲ್ಲಿನ ಮೇಲ್ ಯಾರ ಮೇಜಿಗೆ ಹೋಗಬೇಕು?

ಕೋರ ಹೋಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದಿದೆ ಎಂದಿಟ್ಟುಕೊಳ್ಳಿ. ಮಾಲು ಜೂನ್ 30ಕ್ಕೆ ತಲುಪಿದೆ, ದುಡ್ಡು ಬಂದಿಲ್ಲ. ಮಾಲೀಕರು ‘Payment’ ಎಂದಷ್ಟೇ ಸಬ್ಜೆಕ್ಟ್ ಹಾಕಿ ಮೇಲ್ ಕಳಿಸುತ್ತಾರೆ. ತಡ ಶುರುವಾಗುವುದು ಇಲ್ಲೇ.

ದೊಡ್ಡ ಕಂಪನಿಯಲ್ಲಿ ಅಕೌಂಟ್ಸ್ ಎಂದರೆ ಸಾಮಾನ್ಯವಾಗಿ ಒಂದೇ ಮೇಜಲ್ಲ. ಸರಬರಾಜುದಾರರಿಗೆ ಹಣ ಕೊಡುವವರು ಬೇರೆ, ಗಿರಾಕಿಗಳಿಂದ ಬರುವ ಹಣ ಜಮಾ ಮಾಡಿಕೊಳ್ಳುವವರು ಬೇರೆ. ‘Payment’ ಎಂಬ ಒಂಟಿ ಪದ ನೋಡಿದವರಿಗೆ ಹಣ ಕೊಡಬೇಕೋ, ಬಂದಿದೆಯೋ ತಿಳಿಯದು. ಬಾಕಿ ಕೇಳುವುದಾದರೆ ‘Payment due’, ಹಣ ಕಟ್ಟಿ ತಿಳಿಸುವುದಾದರೆ ‘Payment made’ ಎಂದು ಮೊದಲೇ ಬರೆಯಬೇಕು. ಎರಡನೆಯದಕ್ಕೆ ಬ್ಯಾಂಕಿನ ಯುಟಿಆರ್ ಸಂಖ್ಯೆಯೂ ಬೇಕು.

```
Payment due: INV 147/25-26, PO 4500012345, due 14-08-2025
```

ಇನ್‌ವಾಯ್ಸ್ ಸಂಖ್ಯೆಯನ್ನು ಬಿಲ್ಲಿನಲ್ಲಿರುವಂತೆಯೇ, ಓರೆಗೆರೆಯೂ ಬಿಡದೆ ಬರೆಯಿರಿ. ಗುಮಾಸ್ತರು ಹುಡುಕುವುದು ಅದನ್ನೇ. ವರ್ಷದ ಗುರುತೂ ಇರಲಿ, ಏಕೆಂದರೆ ಹಲವರು ಏಪ್ರಿಲ್‌ಗೆ ಮತ್ತೆ ಒಂದರಿಂದ ಎಣಿಕೆ ಶುರುಮಾಡುತ್ತಾರೆ, ಹೋದ ವರ್ಷವೂ ಒಂದು 147 ಇರಬಹುದು. ಮೊತ್ತವನ್ನು ಮೇಲ್‌ನ ಒಳಗೆ ಬರೆದರೆ ಸಾಕು. ಟಿಡಿಎಸ್ ಕಡಿತವಾದರೆ ಕೈಗೆ ಬರುವ ಮೊತ್ತ ಬಿಲ್ಲಿನ ಮೊತ್ತಕ್ಕೆ ಹೊಂದುವುದಿಲ್ಲ, ಅದನ್ನು ನೆಚ್ಚಿ ಹುಡುಕಲಾಗದು.

ಆಗಸ್ಟ್ 14 ಎಲ್ಲಿಂದ ಬಂತು? 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ ಗಡುವು ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ನಮ್ಮ ವರ್ಕ್‌ಶಾಪಿನ ಒಪ್ಪಂದ 45 ದಿನದ್ದು. ಗಡುವು ದಾಟಿದರೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಕಳೆಯಲು ಆದಾಯ ತೆರಿಗೆ ನಿಯಮ ಬಿಡುತ್ತದೆ. ಹಾಗಾಗಿ ವರ್ಷದ ಕೊನೆ ಹತ್ತಿರವಾದಾಗ ಕೊಳ್ಳುವ ಕಂಪನಿಗೂ ಆ ದಿನಾಂಕ ಮುಖ್ಯ. ‘Urgent’ ಎಂದು ಬರೆಯುವುದಕ್ಕಿಂತ ದಿನಾಂಕ ಬರೆಯುವುದು ಎಷ್ಟೋ ಮೇಲು.

ಇಷ್ಟಾದರೂ ಉತ್ತರ ಬಾರದಿದ್ದರೆ ತೊಡಕು ಅಕೌಂಟ್ಸ್‌ನಲ್ಲಿ ಇಲ್ಲದಿರಬಹುದು. ಪಿಒ, ಬಿಲ್ಲು ಮತ್ತು ಸ್ಟೋರ್ಸ್‌ನವರು ಮಾಲು ಪಡೆದು ಮಾಡುವ ಜಿಆರ್‌ಎನ್ ಮೂರೂ ತಾಳೆಯಾಗದೆ ಬಿಲ್ ಪಾಸಾಗುವುದಿಲ್ಲ. ‘ಜಿಆರ್‌ಎನ್ ಆಗಿಲ್ಲ’ ಎಂಬ ಉತ್ತರ ಬಂದರೆ ಅಕೌಂಟ್ಸ್‌ಗೆ ಮತ್ತೆ ಮತ್ತೆ ಬರೆದು ಫಲವಿಲ್ಲ. ಸ್ಟೋರ್ಸ್‌ಗೂ ಖರೀದಿ ವಿಭಾಗಕ್ಕೂ ಹೊಸ ಮೇಲ್ ಹೋಗಬೇಕು:

```
GRN pending: INV 147/25-26, PO 4500012345
```

ಹಳೆಯ ಮೇಲ್‌ಗೆ ರಿಪ್ಲೈ ಒತ್ತಿ ಬೇರೆ ಬಿಲ್ಲಿನ ವಿಷಯ ಬರೆಯಬೇಡಿ. ಹಳೆಯ ಸಂಖ್ಯೆಯ ಕೆಳಗೆ ಹೊಸ ಬಿಲ್ಲು ಹೂತುಹೋಗುತ್ತದೆ. ಬ್ಯಾಂಕ್ ಖಾತೆ ಬದಲಾದ ಸುದ್ದಿಯನ್ನಂತೂ ಇಂಥ ಮೇಲ್‌ನಲ್ಲಿ ಸೇರಿಸಲೇಬೇಡಿ. ವಂಚಕರು ಮಾಡುವುದೂ ಅದನ್ನೇ ಆದ್ದರಿಂದ, ಎಚ್ಚರದ ಅಕೌಂಟ್ಸ್‌ನವರು ಫೋನ್ ಮಾಡಿ ಖಚಿತಪಡಿಸಿಕೊಳ್ಳುವವರೆಗೆ ಹಣವನ್ನೇ ತಡೆಹಿಡಿಯುತ್ತಾರೆ.