ಖಾಲಿ ಕಾಲಂ ತುಂಬುವ ಮುನ್ನ

ಸಂಶೋಧನಾ ಲೇಖನಗಳ ಪಟ್ಟಿ ಇಟ್ಟುಕೊಂಡವರಿಗೆ ಈ ಪಾಡು ಗೊತ್ತು. ಶೀರ್ಷಿಕೆ ಇದ್ದರೆ ಸಂಪುಟ ಇರುವುದಿಲ್ಲ, ಲೇಖಕರ ಹೆಸರಿದ್ದರೆ ಪುಟಸಂಖ್ಯೆ ಇರುವುದಿಲ್ಲ. ಪಟ್ಟಿ ಸಾವಿರ ಸಾಲು ದಾಟಿತೆಂದರೆ ಒಂದೊಂದಾಗಿ ಹುಡುಕಿ ತುಂಬುವುದು ಆಗದ ಮಾತು. ಆದರೆ ಒಂದು ಕಾಲಂ ಮಾತ್ರ ಸರಿಯಾಗಿ ತುಂಬಿದ್ದರೆ ಉಳಿದದ್ದನ್ನು ಕಂಪ್ಯೂಟರೇ ತಂದುಕೊಡುತ್ತದೆ. ಅದು ಡಿಒಐ ಕಾಲಂ.

ಡಿಒಐ ಎಂದರೆ ಲೇಖನಕ್ಕೆ ಪ್ರಕಾಶಕರು ಕೊಡಿಸುವ ಶಾಶ್ವತ ಗುರುತು ಸಂಖ್ಯೆ. ಸಂಖ್ಯೆ ನೋಂದಾಯಿಸುವಾಗ ಲೇಖಕರು, ಪತ್ರಿಕೆ, ಸಂಪುಟ, ಪುಟಗಳ ವಿವರವನ್ನೂ ಅವರು ಒಪ್ಪಿಸುತ್ತಾರೆ. 2000ದಲ್ಲಿ ಶುರುವಾದ ಕ್ರಾಸ್‌ರೆಫ್ ಸಂಸ್ಥೆ ಈ ದಾಖಲೆಗಳನ್ನು ಯಾರು ಕೇಳಿದರೂ ಉಚಿತವಾಗಿ ಕೊಡುತ್ತದೆ. ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶದಲ್ಲಿ ಪಟ್ಟಿ ತೆರೆದು, ಡಿಒಐ ಕಾಲಂನ ಮೇಲೆ ಈ ಸೂತ್ರ ಕೊಟ್ಟು, ಪ್ರತಿ ಸಾಲಿನ ದಾಖಲೆಯನ್ನು ಹೊಸ ಕಾಲಂಗೆ ತರಿಸಿಕೊಳ್ಳಬಹುದು:

```
"https://api.crossref.org/works/" + value
```

ಒಂದು ವಿಚಾರಣೆಗೂ ಇನ್ನೊಂದಕ್ಕೂ ನಡುವೆ ತಂತ್ರಾಂಶ ತಾನಾಗಿ 5 ಸೆಕೆಂಡು ಬಿಡುತ್ತದೆ. ಸಾವಿರ ಸಾಲಿಗೆ ಹತ್ತಿರ ಹತ್ತಿರ ಒಂದೂವರೆ ಗಂಟೆ. ಬಿಟ್ಟು ಊಟಕ್ಕೆ ಹೋಗಿ ಬಂದರಾಯಿತು. ತೊಂದರೆ ಶುರುವಾಗುವುದು ಉತ್ತರಗಳು ಬಂದ ಮೇಲೆ.

ರಾಮನ್ ಮತ್ತು ಕೃಷ್ಣನ್ 1928ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ‘ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್’ ಎಂಬ ಪುಟ್ಟ ಪತ್ರವನ್ನೇ ತೆಗೆದುಕೊಳ್ಳಿ. ಅದರ ಡಿಒಐ `10.1038/121501c0`. ನಮ್ಮ ಪಟ್ಟಿಯಲ್ಲಿ ಶೀರ್ಷಿಕೆ, ರಾಮನ್ ಹೆಸರು, ಇಸವಿ ಇವೆ, ಸಂಪುಟ ಮತ್ತು ಪುಟ ಖಾಲಿ ಎಂದುಕೊಳ್ಳೋಣ. ಕೇಳಿದ ಕೂಡಲೇ ಸಂಪುಟ 121, ಪುಟ 501–502 ಎಂಬ ಉತ್ತರ ಬರುತ್ತದೆ. ಖಾಲಿ ಜಾಗ ತುಂಬಿತು.

ಈಗ ಆ ಸಂಖ್ಯೆಯನ್ನು ಬಿಡಿಸಿ ನೋಡಿ. 121 ಸಂಪುಟ, 501 ಪುಟ, `c` ಎಂದರೆ ಆ ಪುಟದ ಮೂರನೆಯ ಬರಹ. ‘ನೇಚರ್’ನ ಹಳೆಯ ಸಂಚಿಕೆಗಳಿಗೆ ಸಂಖ್ಯೆ ಕೊಟ್ಟಿರುವ ಕ್ರಮ ಇದು. ಬೇರೆ ಪ್ರಕಾಶಕರ ಕ್ರಮವೇ ಬೇರೆ, ಹಾಗಾಗಿ ಈ ಜಾಣತನವನ್ನು ಎಲ್ಲ ಕಡೆ ತೋರಿಸಲು ಹೋಗಬಾರದು. ಹಿಂದೆ ಯಾರೋ ಟೈಪು ಮಾಡುವಾಗ `c` ಬದಲು `b` ಒತ್ತಿದ್ದರೆ? ದೋಷದ ಸಂದೇಶವೇನೂ ಬರುವುದಿಲ್ಲ. ಅದೇ ಪುಟದಲ್ಲಿದ್ದ ಇನ್ನೊಬ್ಬರ ಬರಹದ ದಾಖಲೆ ಬಂದು ಕೂರುತ್ತದೆ. ಪತ್ರಿಕೆ ಅದೇ, ಸಂಪುಟ ಅದೇ, ಇಸವಿ ಅದೇ, ಮೊದಲ ಪುಟವೂ ಅದೇ. ಇಸವಿ ಹೊಂದುತ್ತದಲ್ಲ ಎಂದು ಕಣ್ಣುಮುಚ್ಚಿ ಒಪ್ಪಿಕೊಂಡವರು ರಾಮನ್ ಅವರ ಸಾಲಿನಲ್ಲಿ ಬೇರೆ ಯಾರದೋ ಹೆಸರು ತುಂಬಿಸಿಕೊಂಡಿರುತ್ತಾರೆ. ನನ್ನ ಪ್ರಕಾರ ಉತ್ತರವೇ ಬಾರದ ಡಿಒಐಗಿಂತ ತಪ್ಪು ಉತ್ತರ ತರುವ ಡಿಒಐ ಹೆಚ್ಚು ಅಪಾಯಕಾರಿ.

ಆದ್ದರಿಂದ ತುಂಬುವ ಮೊದಲು ನಮ್ಮಲ್ಲಿ ಈಗಾಗಲೇ ಇರುವುದನ್ನೂ ಬಂದದ್ದನ್ನೂ ತಾಳೆ ನೋಡಬೇಕು. ಮುಖ್ಯ ಸಾಕ್ಷಿ ಶೀರ್ಷಿಕೆ, ಜೊತೆಗೆ ಮೊದಲ ಲೇಖಕರ ಹೆಸರು. ಬಂದ ಶೀರ್ಷಿಕೆಯನ್ನು `cr_title` ಎಂಬ ಕಾಲಂಗೆ ಬಿಡಿಸಿಕೊಂಡ ಮೇಲೆ ಹೀಗೆ ಹೋಲಿಸಬಹುದು:

```
cells["title"].value.fingerprint() ==
cells["cr_title"].value.fingerprint()
```

ದೊಡ್ಡಕ್ಷರ–ಸಣ್ಣಕ್ಷರ, ಅಲ್ಪವಿರಾಮ, ಪದಗಳ ಹಿಂದುಮುಂದು ಇವನ್ನೆಲ್ಲ `fingerprint` ಪಕ್ಕಕ್ಕಿಟ್ಟು ನೋಡುತ್ತದೆ. ಹೊಂದಿದ ಸಾಲುಗಳಲ್ಲಿ ಖಾಲಿ ಇದ್ದ ಕಡೆ ಮಾತ್ರ ಬಂದದ್ದನ್ನು ತುಂಬಿ. ಮೊದಲೇ ಏನಾದರೂ ಇದ್ದರೆ ಅದನ್ನು ಮುಟ್ಟಬೇಡಿ, ಎರಡೂ ಬೇರೆಯಾಗಿದ್ದರೆ ಗುರುತು ಹಾಕಿಡಿ.

ಹೊಂದದ ಸಾಲುಗಳೆಲ್ಲ ತಪ್ಪೇ ಎಂದೇನಿಲ್ಲ. ಒಂದು ಕಡೆ ಉಪಶೀರ್ಷಿಕೆ ಬಿಟ್ಟುಹೋಗಿರುತ್ತದೆ, ಇನ್ನೊಂದು ಕಡೆ ರಾಸಾಯನಿಕ ಸೂತ್ರದ ನಡುವೆ `<sub>` ಎಂಬ ಗುರುತು ಉಳಿದಿರುತ್ತದೆ. ಇಸವಿಯದು ಇನ್ನೊಂದು ರಗಳೆ: ಲೇಖನ ಡಿಸೆಂಬರಿನಲ್ಲಿ ಆನ್‌ಲೈನ್‌ಗೆ ಬಂದು ಅಚ್ಚಿನ ಸಂಚಿಕೆ ಮುಂದಿನ ವರ್ಷ ಹೊರಬಂದರೆ ಕ್ರಾಸ್‌ರೆಫ್ ಎರಡು ದಿನಾಂಕವನ್ನೂ ಕೊಡುತ್ತದೆ. ಎರಡೂ ಸರಿ. ಒಂದು ವರ್ಷದ ವ್ಯತ್ಯಾಸಕ್ಕೆ ಗಾಬರಿ ಬೇಡ, ಪಟ್ಟಿಯುದ್ದಕ್ಕೂ ಯಾವುದನ್ನು ಬಳಸುತ್ತೀರಿ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಂಡರೆ ಸಾಕು. ಇಂಥ ಸಾಲುಗಳನ್ನು ಮಾತ್ರ ಮನುಷ್ಯರು ಕೂತು ನೋಡಬೇಕು.

ಕೆಲವಕ್ಕೆ ಉತ್ತರವೇ ಬರುವುದಿಲ್ಲ. ಪಿಡಿಎಫ್‌ನಿಂದ ನಕಲಿಸುವಾಗ ಡಿಒಐ ಕೊನೆಯಲ್ಲಿ ವಾಕ್ಯದ ಪೂರ್ಣವಿರಾಮ ಅಂಟಿಕೊಂಡು ಬಂದಿದೆಯೇ ಎಂದು ಮೊದಲು ನೋಡಿ. ಅದೂ ಇಲ್ಲವಾದರೆ ಸಂಖ್ಯೆ ಬೇರೆ ಸಂಸ್ಥೆಯಲ್ಲಿ ನೋಂದಣಿಯಾಗಿರಬಹುದು. ಝೆನೊಡೋದಲ್ಲಿ ಇಟ್ಟ ದತ್ತಾಂಶಗಳು ಡೇಟಾಸೈಟ್‌ಗೆ ಸೇರಿದವು, ಅವನ್ನು ಕ್ರಾಸ್‌ರೆಫ್‌ನಲ್ಲಿ ಕೇಳಿದರೆ 404 ಎಂದಷ್ಟೇ ಉತ್ತರ. ಸಂಖ್ಯೆ ಯಾರದು ಎಂದು ತಿಳಿಯಲು `https://doi.org/ra/` ಮುಂದೆ ಡಿಒಐ ಸೇರಿಸಿ ಬ್ರೌಸರಿನಲ್ಲಿ ತೆರೆದರೆ ಸಂಸ್ಥೆಯ ಹೆಸರು ಕಾಣಿಸುತ್ತದೆ. ಆ ಸಾಲುಗಳನ್ನು ಬೇರೆ ಮಾಡಿ ಡೇಟಾಸೈಟ್‌ನಲ್ಲೇ ವಿಚಾರಿಸಬೇಕು.